ಪ್ಯಾಕೆಟ್ ಮೇಲೆ ಸಿರಿಧಾನ್ಯ, ಒಳಗೆ ಎಷ್ಟು?

ಪ್ರಶ್ನೆ: ಮೇಡಂ, ನಮ್ಮನೆಯವರಿಗೆ ಶುಗರ್ ಇದೆ. ಅನ್ನ ಕಡಿಮೆ ಮಾಡಿ ಸಿರಿಧಾನ್ಯ ಶುರು ಮಾಡೋಣ ಅಂತ ಶಿರಸಿಗೆ ಹೋದಾಗ ಮಲ್ಟಿ ಮಿಲೆಟ್ ದೋಸೆ ಮಿಕ್ಸ್, ರಾಗಿ ಬಿಸ್ಕತ್ತು, ರಾಗಿ ಶ್ಯಾವಿಗೆ ತಂದೆ. ದೋಸೆ ಮಿಕ್ಸ್ ಅರ್ಧ ಕೆಜಿಗೆ 165 ರೂಪಾಯಿ. ಮಗಳು ಹಿಂದಿನ ಸಣ್ಣ ಅಕ್ಷರ ಓದಿ "ಅಮ್ಮಾ, ಇದ್ರಲ್ಲಿ ಅಕ್ಕಿನೇ ಜಾಸ್ತಿ ಇದೆ" ಅಂದಳು. ಮೂರರ ಫೋಟೋನೂ ಕಳಿಸಿದ್ದೇನೆ. ನಿಜವಾಗಿ ಎಷ್ಟು ಸಿರಿಧಾನ್ಯ ಇದೆ ಅಂತ ತಿಳಿಯೋದು ಹೇಗೆ? ಇದು ಮೋಸ ಅಲ್ವಾ?
ಓದುಗರು, ಕುಮಟಾ

ಉತ್ತರ: ನಿಮ್ಮ ಮಗಳು ಓದಿದ್ದು ಸರಿ. ಆದರೆ ದೋಸೆ ಮಿಕ್ಸ್‌ನವರನ್ನು ನಾನು ಮೋಸಗಾರರು ಅನ್ನುವುದಿಲ್ಲ. ಅವರು ಲೆಕ್ಕವನ್ನು ಬರೆದಿದ್ದಾರೆ. ನಾವು ತಿರುಗಿಸಿ ನೋಡದ ಕಡೆ ಬರೆದಿದ್ದಾರೆ, ಅಷ್ಟೇ. ನೀವು ಕಳಿಸಿದ ಮೂರು ಪ್ಯಾಕೆಟ್‌ಗಳಲ್ಲಿ ನಿಯಮ ತಪ್ಪಿದಂತೆ ಕಾಣುವುದು ಬೇರೊಂದು. ಅದೇ ಮೂರರಲ್ಲಿ ಸಿರಿಧಾನ್ಯ ಜಾಸ್ತಿ ಇರುವ ಪ್ಯಾಕೆಟ್ ಕೂಡ. ಒಂದೊಂದಾಗಿ ನೋಡೋಣ.

ದೋಸೆ ಮಿಕ್ಸ್‌ನ ಹಿಂದೆ ಇಂಗ್ಲಿಷಿನಲ್ಲಿ ಇರುವುದನ್ನು ಕನ್ನಡದಲ್ಲಿ ಬರೆದರೆ ಹೀಗಿದೆ: ಅಕ್ಕಿ ಹಿಟ್ಟು (45%), ಮಿಲೆಟ್ ಮಿಶ್ರಣ (30%) [ರಾಗಿ 40%, ಜೋಳ 30%, ಸಜ್ಜೆ 20%, ನವಣೆ 5%, ಸಾಮೆ 5%], ಉದ್ದಿನ ಹಿಟ್ಟು (20%), ಉಪ್ಪು, ಮೆಂತ್ಯ, ಅಡುಗೆ ಸೋಡಾ, ಸಿಟ್ರಿಕ್ ಆಸಿಡ್.

ಮೊದಲು ಸಾಲಿನ ಕ್ರಮ. ನಮ್ಮ ದೇಶದಲ್ಲಿ ಪ್ಯಾಕೆಟ್ ಆಹಾರದ ಲೇಬಲ್ ಹೇಗಿರಬೇಕು ಎಂದು ಹೇಳುವುದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ. ಅದರ 2020ರ ಲೇಬಲಿಂಗ್ ನಿಯಮದ ಪ್ರಕಾರ ತೂಕದಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರಬೇಕು. ಆಮೇಲೆ ಕಡಿಮೆಯಾಗುತ್ತಾ ಹೋಗಬೇಕು. ತಯಾರಿಸುವ ಹೊತ್ತಿಗೆ ಎಷ್ಟು ಹಾಕಿದರೋ ಆ ತೂಕ ಲೆಕ್ಕಕ್ಕೆ. ಹಾಗಾಗಿ ಅಕ್ಕಿ ಮೊದಲಿದೆ ಎಂದರೆ ಆ ಪ್ಯಾಕೆಟ್‌ನಲ್ಲಿ ಅಕ್ಕಿಗಿಂತ ಜಾಸ್ತಿ ಬೇರೇನೂ ಇಲ್ಲ.

ಎರಡನೆಯದು ಆವರಣದ ಒಳಗಿನ ಆವರಣ. ಇಲ್ಲಿ ಓದಿದವರೂ ಎಡವುತ್ತಾರೆ. ರಾಗಿ 40% ಎಂದು ಕಂಡ ಕೂಡಲೇ ಪ್ಯಾಕೆಟ್‌ನಲ್ಲಿ ನೂರಕ್ಕೆ ನಲವತ್ತು ರಾಗಿ ಅಂದುಕೊಳ್ಳುತ್ತೇವೆ. ಅದು ಇಡೀ ಪ್ಯಾಕೆಟ್‌ನ ಲೆಕ್ಕವಲ್ಲ, ಮಿಶ್ರಣದ ಲೆಕ್ಕ. ಮಿಶ್ರಣವೇ 30%, ಅದರಲ್ಲಿ 40% ರಾಗಿ. ಅಂದರೆ ಇಡೀ ಪ್ಯಾಕೆಟ್‌ಗೆ ರಾಗಿ 12%. ನಿಮ್ಮ 500 ಗ್ರಾಂನಲ್ಲಿ ಒಟ್ಟು ಸಿರಿಧಾನ್ಯ 150 ಗ್ರಾಂ. ಅದರಲ್ಲಿ ರಾಗಿ 60, ಜೋಳ 45, ಸಜ್ಜೆ 30 ಗ್ರಾಂ. ಮುಂಭಾಗದಲ್ಲಿ ದೊಡ್ಡ ತೆನೆಯ ಚಿತ್ರ ಹಾಕಿರುವ ನವಣೆ ಏಳೂವರೆ ಗ್ರಾಂ, ಸಾಮೆ ಇನ್ನೊಂದು ಏಳೂವರೆ. ಅಕ್ಕಿ 225 ಗ್ರಾಂ.

ಅರ್ಧ ಕೆಜಿಯಲ್ಲಿ 20 ದೋಸೆ ಮಾಡಿದಿರಿ ಎಂದುಕೊಳ್ಳಿ. ಯಜಮಾನರು 3 ದೋಸೆ ತಿಂದರೆ ಹೊಟ್ಟೆಗೆ ಹೋಗುವ ಸಿರಿಧಾನ್ಯ ಸುಮಾರು 22 ಗ್ರಾಂ, ಅಕ್ಕಿ ಸುಮಾರು 34 ಗ್ರಾಂ. ನವಣೆ ಒಂದು ಗ್ರಾಂ ಚಿಲ್ಲರೆ. ಐದು ಧಾನ್ಯಗಳ ಹೆಸರು ಹೇಳಲು ಅಷ್ಟು ಸಾಕಾಗುತ್ತದೆ, ನೋಡಿ.

ಹಾಗಾದರೆ ಕಂಪನಿಯವರು ಅಕ್ಕಿ ಯಾಕೆ ಹಾಕುತ್ತಾರೆ? ಬರೀ ಲಾಭಕ್ಕೆ ಎಂಬುದು ಅರ್ಧ ಸತ್ಯ. ಅಕ್ಕಿ ಅಗ್ಗ, ಅದು ಹೌದು. ನವಣೆ, ಸಾಮೆಗೆ ಗಟ್ಟಿ ಸಿಪ್ಪೆ ಇರುತ್ತದೆ. ಅದನ್ನು ತೆಗೆಯುವಾಗ ತೂಕ ಇಳಿಯುತ್ತದೆ, ಯಂತ್ರದ ಖರ್ಚು ಸೇರುತ್ತದೆ. ಆದರೆ ನಾನು ರೆಡಿ ಮಿಕ್ಸ್ ಘಟಕದಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡಿದವಳು. ಅಕ್ಕಿ ತೆಗೆದು ಬರೀ ಸಿರಿಧಾನ್ಯ ಹಿಟ್ಟು ಮತ್ತು ಸ್ವಲ್ಪ ಉದ್ದು ಹಾಕಿದಾಗ ದೋಸೆ ಕಾವಲಿಯಿಂದ ತುಂಡು ತುಂಡಾಗಿ ಏಳುವುದನ್ನು ನೋಡಿದ್ದೇನೆ. ಗೋಧಿಯಲ್ಲಿ ಇರುವ ಅಂಟು, ಅಂದರೆ ಗ್ಲುಟನ್, ಸಿರಿಧಾನ್ಯದಲ್ಲಿ ಇಲ್ಲ. ದೋಸೆಯಲ್ಲಿ ಹಿಟ್ಟನ್ನು ಹಿಡಿದಿಡುವುದು ಉದ್ದಿನ ಲೋಳೆ. ಗರಿಗರಿ ಕೊಡುವುದು ಅಕ್ಕಿ. ಮನೆಯಲ್ಲಿ ಹಿಟ್ಟು ರುಬ್ಬಿ ರಾತ್ರಿಯೆಲ್ಲಾ ಹುಳಿ ಬರಲು ಬಿಟ್ಟರೆ ಅಕ್ಕಿ ಕಡಿಮೆ ಇದ್ದರೂ ದೋಸೆ ಏಳುತ್ತದೆ. ನೀರು ಕಲಸಿ ಹತ್ತು ನಿಮಿಷಕ್ಕೆ ಹುಯ್ಯುವ ಮಿಕ್ಸ್‌ಗೆ ಆ ಅವಕಾಶ ಇಲ್ಲ. ಅದು ಹೊಸ ನಾನ್‌ಸ್ಟಿಕ್ ಮೇಲೂ ಏಳಬೇಕು, ಅಜ್ಜಿಯ ಕಾಲದ ಕಬ್ಬಿಣದ ಕಾವಲಿ ಮೇಲೂ ಏಳಬೇಕು. ಹಾಗಾಗಿ ತಯಾರಕರು ಅಕ್ಕಿಯ ಕಡೆ ವಾಲುತ್ತಾರೆ. ಉದ್ದು 20% ಇರುವುದನ್ನು ನಾನು ತಪ್ಪು ಎನ್ನುವುದಿಲ್ಲ. ಅದು ಬೇಕೇ ಬೇಕು. ಪ್ರಶ್ನೆ ಇರುವುದು ಉಳಿದ 80ರಲ್ಲಿ ಅಕ್ಕಿ ಎಷ್ಟು, ಸಿರಿಧಾನ್ಯ ಎಷ್ಟು ಎಂಬುದರಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ದೋಸೆ ಮಿಕ್ಸ್‌ನಲ್ಲಿ ಸಿರಿಧಾನ್ಯ 50%ಗಿಂತ ಮೇಲಿದ್ದರೆ ಆ ಹೆಸರಿಗೆ ಅರ್ಥ ಇದೆ. 60 ಮುಟ್ಟಿದರೆ ಚೆನ್ನಾಗಿದೆ. 30 ಇದ್ದರೆ ಅದು ಸಿರಿಧಾನ್ಯ ಬೆರೆಸಿದ ಅಕ್ಕಿ ದೋಸೆ. ಇದು ಕಾನೂನಿನ ಅಂಕಿ ಅಲ್ಲ, ನನ್ನ ಅಳತೆ. ಅಂಗಡಿಗಳಲ್ಲಿ ಕೆಲವರು 70% ಎಂಬ ಅಂಕಿ ಹೇಳುತ್ತಾರೆ. ಅದು ಬಂದದ್ದು ಜಿಎಸ್‌ಟಿಯಿಂದ. 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಪುಡಿ ರೂಪದ ಸಿರಿಧಾನ್ಯ ಹಿಟ್ಟಿನ ತಯಾರಿಕೆಗಳಿಗೆ ತೆರಿಗೆ ಇಳಿಸಿತು. ತೂಕದಲ್ಲಿ ಕನಿಷ್ಠ 70% ಸಿರಿಧಾನ್ಯ ಇರಬೇಕು ಎಂಬ ಷರತ್ತು ಹಾಕಿತು. ಅದು ತೆರಿಗೆಗೆ ಎಳೆದ ಗೆರೆ. ಪ್ಯಾಕೆಟ್ ಮೇಲೆ ಮಿಲೆಟ್ ಎಂದು ಬರೆಯಲು 70 ಬೇಕು ಎಂದು ಅದು ಹೇಳುವುದಿಲ್ಲ. ನಿಮ್ಮ ಮಿಕ್ಸ್ ಹೆಸರು ನೋಡಿ "70% ಇರಲೇಬೇಕಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಬಿಸ್ಕತ್ತು. ಮೈದಾ 48%, ಸಕ್ಕರೆ, ತಾಳೆ ಎಣ್ಣೆ, ರಾಗಿ ಹಿಟ್ಟು 8%, ಓಟ್ಸ್ 2%, ಆಮೇಲೆ ಸಿರಪ್, ಉಪ್ಪು, ಬಣ್ಣ ಇತ್ಯಾದಿ. ಪ್ಯಾಕೆಟ್ 75 ಗ್ರಾಂ. ಅದರ 8% ಅಂದರೆ 6 ಗ್ರಾಂ ರಾಗಿ, ಸುಮಾರು ಎರಡು ಟೀ ಚಮಚ. ಇಡೀ ಪ್ಯಾಕೆಟ್ ತಿಂದರೆ ಅಷ್ಟು. ಮೈದಾವನ್ನು ಲೇಬಲ್‌ನಲ್ಲಿ "ರಿಫೈನ್ಡ್ ವೀಟ್ ಫ್ಲೋರ್" ಎಂದು ಬರೆದಿರುತ್ತಾರೆ. ಬಿಸ್ಕತ್ತು ಕಂದು ಬಣ್ಣಕ್ಕಿದೆ, ಹಾಗಾಗಿ ರಾಗಿ ಜಾಸ್ತಿ ಇರಬೇಕು ಎಂದು ನಿಮಗೆ ಅನಿಸಬಹುದು. ನಿಮ್ಮ ಫೋಟೋದಲ್ಲೇ ಕೊನೆಯ ಸಾಲಿನಲ್ಲಿ ಬಣ್ಣ ಐಎನ್ಎಸ್ 150 ಇದೆ. ಅದು ಸುಟ್ಟ ಸಕ್ಕರೆಯಿಂದ ಮಾಡುವ ಕ್ಯಾರಮೆಲ್ ಬಣ್ಣ. ತಿನ್ನಲು ಅನುಮತಿ ಇರುವ ಬಣ್ಣವೇ. ಆದರೆ ರಾಗಿಯ ಬಣ್ಣ ಅದಲ್ಲ.

ಈ ಬಿಸ್ಕತ್ತಿನಲ್ಲಿ ಪ್ರಮಾಣ ಬರೆದಿದ್ದಾರೆ. ಬರೆಯದಿದ್ದರೂ ಹೆಚ್ಚೆಂದರೆ ಎಷ್ಟಿರಬಹುದು ಎಂದು ಹೇಳಲು ಒಂದು ದಾರಿ ಇದೆ. ಅದಕ್ಕೆ ಪಕ್ಕದ ಪೋಷಕಾಂಶ ಪಟ್ಟಿ ಬೇಕು. ಅದರಲ್ಲಿ 100 ಗ್ರಾಂಗೆ ಸೇರಿಸಿದ ಸಕ್ಕರೆ 23 ಗ್ರಾಂ, ಒಟ್ಟು ಕೊಬ್ಬು 19 ಗ್ರಾಂ ಎಂದಿದೆ. ಪದಾರ್ಥಗಳ ಸಾಲಿನಲ್ಲಿ ರಾಗಿ ಸಕ್ಕರೆಯ ನಂತರ ಬಂದಿದೆ. ಹಾಗಾದರೆ ರಾಗಿ 23ಕ್ಕಿಂತ ಕಡಿಮೆ. ಎಣ್ಣೆಯ ನಂತರವೂ ಬಂದಿದೆ. ಹಾಗಾದರೆ 19ಕ್ಕಿಂತಲೂ ಕಡಿಮೆ. ಎಷ್ಟು ಕಡಿಮೆ ಎಂದು ಇದರಿಂದ ಗೊತ್ತಾಗುವುದಿಲ್ಲ. ಮೇಲಿನ ಮಿತಿ ಮಾತ್ರ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅಷ್ಟೇ ಸಾಕು.

ಇದೇ ಲೆಕ್ಕವನ್ನು ಉಪ್ಪಿನಿಂದಲೂ ಮಾಡಬಹುದು. ನನಗೆ ತುಂಬಾ ಇಷ್ಟದ ಲೆಕ್ಕ ಇದು. ಕುರುಕಲು ತಿಂಡಿಗಳಲ್ಲಿ, ನೂಡಲ್ಸ್‌ನಲ್ಲಿ ಕೆಲವೊಮ್ಮೆ ಸಿರಿಧಾನ್ಯದ ಹೆಸರು ಉಪ್ಪಿನ ನಂತರ ಬರುತ್ತದೆ. ಲೇಬಲ್‌ನಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಹೆಚ್ಚೂಕಡಿಮೆ ಸಿಗುತ್ತದೆ. ಸೋಡಿಯಂ 720 ಮಿಲಿಗ್ರಾಂ ಇದ್ದರೆ ಉಪ್ಪು 1.8 ಗ್ರಾಂ. ಅಡುಗೆ ಸೋಡಾದಲ್ಲೂ ಸೋಡಿಯಂ ಇರುವುದರಿಂದ ನಿಜವಾದ ಉಪ್ಪು ಇನ್ನೂ ಕಡಿಮೆ ಇರಬಹುದು, ಜಾಸ್ತಿ ಅಂತೂ ಇರುವುದಿಲ್ಲ. ಅಲ್ಲಿಗೆ ಉಪ್ಪಿನ ನಂತರ ಬಂದ ಧಾನ್ಯ ನೂರಕ್ಕೆ 2 ಗ್ರಾಂ ಕೂಡ ಇಲ್ಲ ಎಂದಾಯಿತು. ಅಂಥ ಪ್ಯಾಕೆಟ್ ವಾಪಸ್ ಇಡಿ.

ಒಂದು ಎಚ್ಚರಿಕೆ ಮಾತ್ರ. ಸಾಲಿನ ಕ್ರಮವನ್ನೂ ಜಾಣತನದಿಂದ ಬದಲಾಯಿಸಬಹುದು. ರಾಗಿ ಮಾಲ್ಟ್ ಡಬ್ಬಗಳಲ್ಲಿ ಇದನ್ನು ನೋಡಬಹುದು. 25% ರಾಗಿ ಮಾಲ್ಟ್ ಮೊದಲು ಬರುತ್ತದೆ. ಆಮೇಲೆ ಸಕ್ಕರೆ 20%, ಬೆಲ್ಲದ ಪುಡಿ 15%, ಮಾಲ್ಟೋಡೆಕ್ಸ್ಟ್ರಿನ್ 15%. ಮೊದಲ ಹೆಸರು ರಾಗಿಯೇ. ಆದರೆ ಸಿಹಿಯನ್ನೆಲ್ಲಾ ಒಟ್ಟು ಮಾಡಿದರೆ ಸಕ್ಕರೆ ಮತ್ತು ಬೆಲ್ಲವೇ 35%, ರಾಗಿಗಿಂತ ಜಾಸ್ತಿ. ಮಾಲ್ಟೋಡೆಕ್ಸ್ಟ್ರಿನ್ ಪಿಷ್ಟದಿಂದ ಮಾಡಿದ ಪುಡಿ. ಬಾಯಿಗೆ ಸಿಹಿ ಎನಿಸುವುದಿಲ್ಲ, ರಕ್ತಕ್ಕೆ ಬೇಗ ಸೇರುತ್ತದೆ. ನಿಮ್ಮ ಮನೆಗೆ ಇಂಥ ಡಬ್ಬ ಬೇಡ. ಹೆಸರು ಎಷ್ಟನೆಯದು ಎಂದು ನೋಡುವುದರ ಜೊತೆಗೆ ಅದರ ಸುತ್ತ ಒಂದೇ ಜಾತಿಯ ಪದಾರ್ಥ ಎಷ್ಟು ತುಂಡಾಗಿ ಕೂತಿದೆ ಎಂದೂ ನೋಡಿ.

ಇನ್ನು ಶ್ಯಾವಿಗೆ. ಇದರಲ್ಲಿ ಇರುವುದು ಮೂರೇ ಹೆಸರು: ರಾಗಿ ಹಿಟ್ಟು, ಮೈದಾ, ಉಪ್ಪು. ಯಾವುದಕ್ಕೂ ಪ್ರಮಾಣ ಇಲ್ಲ. ನಿಯಮ ತಪ್ಪಿದೆ ಎಂದು ನಾನು ಹೇಳಿದ್ದು ಇದನ್ನೇ. 2020ರ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಹಲವು ಪದಾರ್ಥ ಸೇರಿದ ಆಹಾರದಲ್ಲಿ ಒಂದು ಪದಾರ್ಥವನ್ನು ಲೇಬಲ್ ಮೇಲೆ ಮಾತಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದರೆ ಅದರ ಪ್ರಮಾಣವನ್ನು ಬರೆಯಬೇಕು. ಮುಂಭಾಗದಲ್ಲಿ ರಾಗಿ ತೆನೆ, ರಾಗಿ ಎಂಬ ದೊಡ್ಡ ಅಕ್ಷರ. ಹಿಂದೆ ಅಂಕಿ ಇಲ್ಲ. ಕೇಳಬೇಕಾದ ಪ್ರಶ್ನೆಯೇ.

ಆದರೆ ವಿಚಿತ್ರ ನೋಡಿ, ಅಂಕಿ ಇಲ್ಲದ ಈ ಪ್ಯಾಕೆಟ್‌ನಲ್ಲೇ ಸಿರಿಧಾನ್ಯ ಎಲ್ಲಕ್ಕಿಂತ ಜಾಸ್ತಿ ಇದೆ. ಹೇಗೆ ಗೊತ್ತು? ಪದಾರ್ಥ ಕಡಿಮೆ ಇದ್ದಷ್ಟೂ ಲೆಕ್ಕ ಸುಲಭ. ಸೋಡಿಯಂ 600 ಮಿಲಿಗ್ರಾಂ, ಅಂದರೆ ಉಪ್ಪು ಸುಮಾರು 1.5. ಉಳಿದ 98.5ನ್ನು ರಾಗಿ ಮತ್ತು ಮೈದಾ ಹಂಚಿಕೊಂಡಿವೆ. ರಾಗಿ ಮೊದಲಿದೆ, ಹಾಗಾಗಿ ಅದು ಅರ್ಧಕ್ಕಿಂತ ಕಡಿಮೆ ಇರಲಾರದು. ಕನಿಷ್ಠ 49% ಎಂದಾಯಿತು.

ಇನ್ನೂ ಸ್ವಲ್ಪ ಹತ್ತಿರ ಹೋಗಲು ನಾರಿನ ಅಂಶ ನೋಡೋಣ. ಈ ಪ್ಯಾಕೆಟ್ ಮೇಲೆ 100 ಗ್ರಾಂಗೆ 7.5 ಗ್ರಾಂ ನಾರು ಎಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಮೈದಾದಲ್ಲಿ 3ಕ್ಕಿಂತ ಸ್ವಲ್ಪ ಕಡಿಮೆ. ಎರಡನ್ನೂ ಸರಿಸಮ ಬೆರೆಸಿದರೆ ನಾರು 7ರ ಹತ್ತಿರ ಬರುತ್ತದೆ. 7.5 ಬರಬೇಕಾದರೆ ರಾಗಿ ಅರ್ಧಕ್ಕಿಂತ ಸ್ವಲ್ಪ ಮೇಲಿರಬೇಕು, 55ರ ಆಸುಪಾಸು. ಸಾಲಿನ ಕ್ರಮ ಹೇಳಿದ್ದಕ್ಕೂ ನಾರು ಹೇಳಿದ್ದಕ್ಕೂ ತಾಳೆ ಆಯಿತು.

ಈ ನಾರಿನ ಪರೀಕ್ಷೆಯನ್ನು ಒಂದೇ ದಿಕ್ಕಿನಲ್ಲಿ ನಂಬಿ. ರಾಗಿ ಬಿಸ್ಕತ್ತು ಎಂದು ಬರೆದು ನಾರು 2 ಗ್ರಾಂ ಎಂದಿದ್ದರೆ ಒಳಗೆ ರಾಗಿ ಜಾಸ್ತಿ ಇರಲು ಸಾಧ್ಯವೇ ಇಲ್ಲ. ಆದರೆ ನಾರು ಜಾಸ್ತಿ ಇದೆ ಎಂದ ಮಾತ್ರಕ್ಕೆ ಸಿರಿಧಾನ್ಯ ಇದೆ ಎನ್ನಲಾಗದು. ಇಡೀ ಗೋಧಿ ಹಿಟ್ಟಿನಲ್ಲೂ ನಾರು ರಾಗಿಯಷ್ಟೇ ಇರುತ್ತದೆ. ಗೋಧಿ ತೌಡು ಹಾಕಿದರೆ ಇನ್ನೂ ಏರುತ್ತದೆ. ಸಾಮೆ, ಹಾರಕಗಳಲ್ಲಿ ನಾರು ರಾಗಿಗಿಂತ ಕಡಿಮೆ, ಪಾಲಿಶ್ ಮಾಡಿದರೆ ಮತ್ತೂ ಇಳಿಯುತ್ತದೆ. ಹಾಗಾಗಿ ಈ ಲೆಕ್ಕ ರಾಗಿ, ಜೋಳ, ಸಜ್ಜೆಗೆ ಮಾತ್ರ ಸರಿಯಾಗಿ ಹೊಂದುತ್ತದೆ. ಎಲ್ಲಾ ಪ್ಯಾಕೆಟ್‌ನಲ್ಲೂ ನಾರಿನ ಅಂಕಿ ಸಿಗುವುದೂ ಇಲ್ಲ.

ಮೈದಾ ಇಲ್ಲದ ಶ್ಯಾವಿಗೆ ಬರುವುದೇ ಇಲ್ಲವೇ ಎಂದರೆ, ಬರುತ್ತದೆ. ನಮ್ಮ ಕಡೆ ಅಕ್ಕಿ ಶ್ಯಾವಿಗೆ ಒತ್ತುವಾಗ ಹಿಟ್ಟನ್ನು ಮೊದಲು ಬೇಯಿಸುತ್ತೇವಲ್ಲ? ಬೆಂದಾಗ ಪಿಷ್ಟ ಅಂಟಾಗುತ್ತದೆ, ಎಳೆ ಮುರಿಯುವುದಿಲ್ಲ. ರಾಗಿಗೂ ಅದೇ ಉಪಾಯ. ಹಬೆಯಲ್ಲಿ ಬೇಯಿಸಿ ಒತ್ತಿ ಒಣಗಿಸಿದ ಶ್ಯಾವಿಗೆಗೆ ಮೈದಾ ಬೇಕಿಲ್ಲ. ಹಸಿ ಹಿಟ್ಟನ್ನೇ ಯಂತ್ರದಲ್ಲಿ ಎಳೆ ತೆಗೆದು ಒಣಗಿಸುವವರಿಗೆ ಗೋಧಿಯ ಅಂಟು ಬೇಕು. ಮೈದಾ ಇಲ್ಲದ್ದು ಸಿಕ್ಕರೆ ಜಾಸ್ತಿ ಹೊತ್ತು ಕುದಿಸಬೇಡಿ, ಮುದ್ದೆಯಾಗುತ್ತದೆ. ಬಿಸಿನೀರಲ್ಲಿ ನೆನೆಸಿ ಹಬೆಯಲ್ಲಿಟ್ಟರೆ ಸಾಕು. ಆದರೆ "ಮೈದಾ ಇಲ್ಲ" ಎಂಬ ಮಾತನ್ನು ಮುಂಭಾಗದಲ್ಲಿ ನೋಡಿ ಸಮಾಧಾನ ಪಡಬೇಡಿ. ಮೈದಾ ಬದಲು ಗೋಧಿ ಹಿಟ್ಟು, ಅಕ್ಕಿ, ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ ಏನೂ ಇರಬಹುದು. "ಗ್ಲುಟನ್ ಇಲ್ಲ" ಎಂಬುದಕ್ಕೂ ಇದೇ ಮಾತು. ಅಕ್ಕಿಯಲ್ಲೂ ಗ್ಲುಟನ್ ಇಲ್ಲ.

ಈಗ ಯಜಮಾನರ ಶುಗರ್ ವಿಷಯ. ಪ್ರಮಾಣ ಓದುವುದು ಕಲಿತರೂ ಇಲ್ಲಿ ಒಂದು ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ. ನೂರಕ್ಕೆ ನೂರು ಸಿರಿಧಾನ್ಯ ಇದ್ದರೆ ಸಕ್ಕರೆ ಏರುವುದಿಲ್ಲ ಎಂಬುದು. ಹಾಗಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅದೇ ಪಟ್ಟಿಯಲ್ಲಿ 100 ಗ್ರಾಂ ರಾಗಿಯಲ್ಲಿ ಪಿಷ್ಟ, ಸಕ್ಕರೆ ಎಲ್ಲಾ ಸೇರಿ ಸುಮಾರು 67 ಗ್ರಾಂ ಇದೆ. ಬಿಳಿ ಅಕ್ಕಿಯಲ್ಲಿ ಸುಮಾರು 78. ವ್ಯತ್ಯಾಸ ಇದೆ, ಆದರೆ ಅನ್ನ ಬಿಟ್ಟು ಅದರ ಎರಡರಷ್ಟು ದೋಸೆ ತಿಂದರೆ ಆ ವ್ಯತ್ಯಾಸ ಉಳಿಯುವುದಿಲ್ಲ. ಮತ್ತೆ, ರಾಗಿಯನ್ನು ನುಣ್ಣಗೆ ಬೀಸಿ ಗಂಜಿ ಕುದಿಸಿ ಕುಡಿದರೆ ಅದು ಬೇಗ ಜೀರ್ಣವಾಗುತ್ತದೆ. ಇಡಿ ಕಾಳಿನ ಸಾಮೆ ಅನ್ನ, ತರಕಾರಿ ಹಾಕಿದ ನವಣೆ ಉಪ್ಪಿಟ್ಟು ಅಷ್ಟು ಬೇಗ ಆಗುವುದಿಲ್ಲ. ಹಿಟ್ಟಿನ ಮಿಕ್ಸ್‌ಗಿಂತ ಕಾಳು ತರುವುದು ನಿಮ್ಮ ಮನೆಗೆ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಕಾಳಿನ ಪ್ಯಾಕೆಟ್‌ನಲ್ಲಿ ಪ್ರಮಾಣ ಓದುವ ತಲೆಬಿಸಿಯೂ ಇಲ್ಲ. ಇಂಗ್ಲಿಷಿನಲ್ಲಿ ಫಾಕ್ಸ್‌ಟೇಲ್ ಎಂದಿದ್ದರೆ ನವಣೆ, ಲಿಟಲ್ ಎಂದರೆ ಸಾಮೆ, ಕೋಡೋ ಎಂದರೆ ಹಾರಕ, ಬಾರ್ನ್‌ಯಾರ್ಡ್ ಎಂದರೆ ಊದಲು.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ ಅಕ್ಕಿ ದೋಸೆ, ಇನ್ನೊಂದು ದಿನ ಅಷ್ಟೇ ಸಂಖ್ಯೆಯ, ಅಷ್ಟೇ ದಪ್ಪದ ಸಿರಿಧಾನ್ಯ ದೋಸೆ ತಿಂದು, ಎರಡು ಗಂಟೆ ಬಿಟ್ಟು ನೋಡಿ. ಚಟ್ನಿ, ಸಾಂಬಾರೂ ಒಂದೇ ಇರಲಿ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಬದಲಾಯಿಸುವ ಮೊದಲು ಡಾಕ್ಟರಿಗೆ ಹೇಳಿ. ಊಟ ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿಯುವ ಅಪಾಯ ಇದೆ.

ನಿಮ್ಮ ಮುಂದೆ ಇರುವ ದಾರಿಗಳು ಇಷ್ಟು. ಬಿಸ್ಕತ್ತನ್ನು ಮತ್ತೆ ತರಬೇಡಿ, ಅದಕ್ಕೆ ಹೆಚ್ಚು ಮಾತು ಬೇಡ. ಶ್ಯಾವಿಗೆ ತಿನ್ನಬಹುದು, ಅರ್ಧ ಮೈದಾ ಎಂಬುದು ನೆನಪಿನಲ್ಲಿರಲಿ.

ದೋಸೆ ಮಿಕ್ಸ್ ತೆರೆಯದೇ ಇದ್ದರೆ ಎಸೆಯಬೇಡಿ, ಸರಿಮಾಡಿಕೊಳ್ಳಬಹುದು. 500 ಗ್ರಾಂ ಮಿಕ್ಸ್‌ಗೆ 250 ಗ್ರಾಂ ರಾಗಿ ಹಿಟ್ಟು, 50 ಗ್ರಾಂ ಉದ್ದಿನ ಹಿಟ್ಟು ಸೇರಿಸಿ. ಒಟ್ಟು 800 ಗ್ರಾಂ ಆಯಿತು. ಸಿರಿಧಾನ್ಯ ಮೊದಲಿನ 150 ಮತ್ತು ಈ 250 ಸೇರಿ 400 ಗ್ರಾಂ, ಅಂದರೆ ಸರಿಯಾಗಿ ಅರ್ಧ. ಅಕ್ಕಿ 45%ನಿಂದ 28%ಗೆ ಇಳಿಯಿತು. ಉದ್ದು 150 ಗ್ರಾಂ, ಸುಮಾರು 19%, ಹಾಗಾಗಿ ದೋಸೆ ಮುರಿಯುವುದಿಲ್ಲ. ಉದ್ದು ಸೇರಿಸದೆ ರಾಗಿ ಮಾತ್ರ ಸುರಿದರೆ ಉದ್ದಿನ ಪಾಲು 13%ಗೆ ಬಂದು ದೋಸೆ ಗಟ್ಟಿಯಾಗುತ್ತದೆ, ಅಂಚು ಸೀಳುತ್ತದೆ. ಉಪ್ಪು, ಸೋಡಾ ಎರಡೂ ತೆಳುವಾಗುವುದರಿಂದ ಕಲಸುವಾಗ ಉಪ್ಪು ನೋಡಿ ಹಾಕಿ. ಸೋಡಾ ಸೇರಿಸುವ ಬದಲು ಒಂದು ಸೌಟು ಹುಳಿ ಮಜ್ಜಿಗೆ ಹಾಕಿ ಅರ್ಧ ಗಂಟೆ ಬಿಡಿ.

ಎರಡನೆಯ ದಾರಿ ಮನೆಯಲ್ಲೇ ನೆನೆಸಿ ರುಬ್ಬುವುದು. ಸಾಮೆ ಅಥವಾ ನವಣೆ ಅಕ್ಕಿ 600 ಗ್ರಾಂ, ಉದ್ದು 200, ದೋಸೆ ಅಕ್ಕಿ 200, ಮೆಂತ್ಯ ಒಂದು ಚಮಚ. ಇದರಲ್ಲಿ ಸಿರಿಧಾನ್ಯ ಸುಮಾರು 60% ಬರುತ್ತದೆ. ಕೈ ಕುದುರಿದ ಮೇಲೆ ಅಕ್ಕಿ ಪೂರ್ತಿ ಬಿಡಬಹುದು. ಆಗ ಮೂರು ಪಾಲು ಸಾಮೆಗೆ ಒಂದು ಪಾಲು ಉದ್ದು, ಸಿರಿಧಾನ್ಯ 75%ರ ಹತ್ತಿರ ಆಗುತ್ತದೆ. ಆ ದೋಸೆ ಮೆತ್ತಗಿರುತ್ತದೆ, ತೆಳ್ಳೇವಿನಂತೆ ತೆಳ್ಳಗೆ ಬರಲಿ ಎಂದು ಆಸೆಪಡಬೇಡಿ. ಕುಮಟಾದ ಸೆಖೆಗೆ ಹಿಟ್ಟು ಬೇಗ ಹುಳಿ ಬರುತ್ತದೆ. ಬೇಸಿಗೆಯಲ್ಲಿ ರಾತ್ರಿ ತಡವಾಗಿ ರುಬ್ಬಿ. ಶಿರಸಿಯ ಚಳಿಯಲ್ಲಿ ನಾವು ಸಂಜೆಯೇ ರುಬ್ಬಿ ಒಲೆಯ ಹತ್ತಿರ ಇಡಬೇಕು.

ಒಣ ಹಿಟ್ಟು ಬೀಸಿಸಿ ಇಟ್ಟುಕೊಳ್ಳುವವರಿಗೆ ಕರಾವಳಿಯಲ್ಲಿ ಒಂದು ತೊಂದರೆ ಇದೆ. ಮಳೆಗಾಲದ ತೇವಕ್ಕೆ ಹಿಟ್ಟು ಮುಗ್ಗುತ್ತದೆ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಮೇಲೆ ಬೇಗ ಕಮಟು ವಾಸನೆ, ಕಹಿ ಬರುತ್ತದೆ. ಸಜ್ಜೆ ಇದ್ದರೆ ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಫ್ರಿಜ್‌ನಲ್ಲಿಡಿ. ಕಂಪನಿಯ ಪ್ಯಾಕೆಟ್ ಕೊಳ್ಳುವಾಗಲೂ ತಯಾರಿಸಿದ ತಾರೀಖು ನೋಡಿ. ಸಿರಿಧಾನ್ಯ ಜಾಸ್ತಿ ಇರುವ ಹಿಟ್ಟಿಗೆ ಬಾಳಿಕೆ ಕಡಿಮೆ. ಹಾಗಾಗಿ ಒಳ್ಳೆಯ ಪ್ರಮಾಣ ಇರುವ ಪ್ಯಾಕೆಟ್‌ಗೆ ಅವಧಿ ಚಿಕ್ಕದಾಗಿದ್ದರೆ ಅನುಮಾನ ಪಡಬೇಡಿ.

ಮೂರನೆಯದು ಊರಿನ ಸ್ವಸಹಾಯ ಸಂಘದವರು, ಮನೆಯಲ್ಲೇ ಮಾಡುವವರು ತಯಾರಿಸಿದ್ದು. ಶಿರಸಿ, ಯಲ್ಲಾಪುರದ ಮೇಳಗಳಲ್ಲಿ, ಕಾರವಾರದ ಭಾನುವಾರದ ಸಂತೆಯ ಆಸುಪಾಸಿನಲ್ಲಿ ಇಂಥದ್ದು ಹುಡುಕಬಹುದು. ಅವರ ಲೇಬಲ್‌ನಲ್ಲಿ ಎಷ್ಟೋ ಸಲ ಪ್ರಮಾಣ ಇರುವುದಿಲ್ಲ, ಆದರೆ ಮಾಡಿದವರೇ ಎದುರಿಗೆ ಇರುತ್ತಾರೆ. "ಇದರಲ್ಲಿ ಏನೇನಿದೆ" ಎಂದು ಕೇಳಿದರೆ ಹೆಸರುಗಳ ಪಟ್ಟಿ ಸಿಗುತ್ತದೆ. "ಅಕ್ಕಾ, ಹತ್ತು ಕೆಜಿ ಮಾಡುವಾಗ ರಾಗಿ ಎಷ್ಟು ಕೆಜಿ, ಅಕ್ಕಿ ಎಷ್ಟು ಕೆಜಿ ಹಾಕ್ತೀರಿ" ಎಂದು ಕೇಳಿ. ಅಳತೆ ಇಟ್ಟುಕೊಂಡು ಮಾಡುವವರು ತಡೆಯದೆ ಹೇಳುತ್ತಾರೆ. ಅಂದಾಜಿಗೆ ಸುರಿಯುವವರು ತಡವರಿಸುತ್ತಾರೆ. ಅವರದ್ದು ರುಚಿಯಾಗಿರಬಹುದು, ಪ್ರತಿ ಸಲ ಒಂದೇ ಪ್ರಮಾಣ ಇರುತ್ತದೆ ಎನ್ನಲಾಗದು. ಕಲ್ಲು, ಮಣ್ಣು ಸಿಗುವ ಸಾಧ್ಯತೆಯೂ ಇದೆ, ಮೊದಲ ಸಲ ಸ್ವಲ್ಪವೇ ತನ್ನಿ.

ಕೊನೆಗೆ ಆ ಶ್ಯಾವಿಗೆ ಪ್ಯಾಕೆಟ್. ಅದರ ಹಿಂದೆ ಗ್ರಾಹಕರ ದೂರವಾಣಿ ಸಂಖ್ಯೆ ಇದೆ, ಕೊಡಲೇಬೇಕು. ಮಗಳಿಂದ ಫೋನ್ ಮಾಡಿಸಿ. "ರಾಗಿ ಇದೆಯಾ" ಎಂದು ಕೇಳಿದರೆ ಹೌದು ಎನ್ನುತ್ತಾರೆ. "ನೂರು ಗ್ರಾಂ ಶ್ಯಾವಿಗೆಯಲ್ಲಿ ರಾಗಿ ಹಿಟ್ಟು ಎಷ್ಟು ಗ್ರಾಂ, ಲೇಬಲ್‌ನಲ್ಲಿ ಯಾಕೆ ಹಾಕಿಲ್ಲ" ಎಂದು ಕೇಳಬೇಕು. ಬ್ಯಾಚ್ ಸಂಖ್ಯೆಯನ್ನೂ ಹೇಳಿ, ಉತ್ತರವನ್ನು ಈಮೇಲ್‌ನಲ್ಲಿ ಕೊಡಲು ಹೇಳಿ. ಉತ್ತರ ಬರದಿದ್ದರೆ ಎಫ್ಎಸ್ಎಸ್ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಬಹುದು, ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆಯಬಹುದು. ಪ್ಯಾಕೆಟ್‌ನ ಎರಡೂ ಬದಿಯ ಫೋಟೋ, ಬಿಲ್ಲು, 14 ಅಂಕಿಯ ಪರವಾನಗಿ ಸಂಖ್ಯೆ ಕೈಯಲ್ಲಿರಲಿ. ಖಾಲಿ ಪ್ಯಾಕೆಟ್ ಅಲ್ಲಿಯವರೆಗೆ ಎಸೆಯಬೇಡಿ.